ಮರಳಬೇಕಾದವರು ಯಾರು?

ಮನೆಯನ್ನು ಬಿಟ್ಟುಹೋದ ಹೆಂಡತಿಯು ಮರಳಿ ಬರುವಳೆ, ಮುನಿದು ಹೋದ ಗಂಡನು ಮರಳಿ ಬರುವನೆ ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳದ ದೈವಜ್ಞನು ಯಾವ ದೇಶದಲ್ಲಿಯೂ ಇರಲಾರನು. ವರಾಹಮಿಹಿರನ ಮಗನಾದ ಪೃಥುಯಶಸ್ಸಿನ ಷಟ್ಪಂಚಾಶಿಕೆಯಲ್ಲಿ ಹೋಗುವುದು ಬರುವುದನ್ನು ವಿಚಾರಿಸುವುದಕ್ಕೆಂದೇ ಒಂದು ಅಧ್ಯಾಯವು ಮೀಸಲಾಗಿದೆ. ಚೀನ ದೇಶದವರು ಇಂತಹ ಪ್ರಶ್ನೆಗಳನ್ನು ತಮ್ಮ ಪ್ರಾಚೀನವಾದ ಪರಿವರ್ತನ ಗ್ರಂಥದ, ಎಂದರೆ ಯೀ ಚಿಂಗಿನ, ಮುಂದಿಡುತ್ತಿದ್ದರು. ಆ ಗ್ರಂಥದ ಅರುವತ್ತನಾಲ್ಕು ಆಕೃತಿಗಳಲ್ಲಿ ಇಪ್ಪತ್ತನಾಲ್ಕನೆಯದಕ್ಕೆ 'ಫೂ' ಎಂದು ಹೆಸರು. 'ಮರಳುವಿಕೆ' ಎಂದು ಅದರ ಅರ್ಥ. ಬಿಟ್ಟುಹೋದವರಿಗಾಗಿ ಕಾಯುತ್ತಿರುವವನ ಪಾಲಿಗೆ ಈ ಆಕೃತಿಯೇ ಬಂದರೆ, 'ಮರಳುವರು' ಎಂದು ಹೇಳಿ ಅವನನ್ನು ಸಂತೋಷಪಡಿಸಿ ಕಳುಹಿಸುವುದು ಧರ್ಮವೆ? ಇದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ಆಕೃತಿಯ ಸ್ವರೂಪವನ್ನು ತಿಳಿಯಬೇಕು. ಒಂದರ ಮೇಲೊಂದಾಗಿ ಆರು ಗೆರೆಗಳು. ಗೆರೆಯು ಅಖಂಡವಾಗಿದ್ದರೆ ಅದು ತೇಜಸ್ಸು, ನಡುವೆ ಮುರಿದಿದ್ದರೆ ತಮಸ್ಸು ಎಂದು ಸ್ಥೂಲವಾಗಿ ಹೇಳಬಹುದು. ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತಾರೆ. 'ಫೂ' ಎಂಬುದರಲ್ಲಿ ಮೇಲಿನ ಐದು ಗೆರೆಗಳೂ ಮುರಿದವು. ತಳದ ಗೆರೆಯೊಂದೇ ಅಖಂಡ. ಇದರ ಹಿಂದಿನ ಆಕೃತಿಯಲ್ಲಿ ಅಖಂಡವಾದ ಒಂಟಿ ಗೆರೆಯು ತುದಿಯಲ್ಲಿದ್ದು ಉದುರಿಹೋಗುವ ಸ್ಥಿತಿಯಲ್ಲಿರುತ್ತದೆ. ಮೇಲೆ ಅಳಿದ ಬೆಳಕು ಬುಡದಲ್ಲಿ ಹೊಸದಾಗಿ ಹುಟ್ಟಿತೆಂಬುದೇ 'ಮರಳುವಿಕೆ'ಯ ಮೂಲಾರ್ಥ. ಆದಕಾರಣ ಇದನ್ನು ದಕ್ಷಿಣಾಯನವು ಮುಗಿದು ಸೂರ್ಯನು ಉತ್ತರಕ್ಕೆ ತಿರುಗುವ ತಿಂಗಳಿಗೆ ಹೊಂದಿಸಿದ್ದಾರೆ. ಇಲ್ಲಿ ಮರಳುವುದು ದೂರ ಹೋದ ಮತ್ತೊಬ್ಬ ವ್ಯಕ್ತಿಯಲ್ಲ. ತನ್ನಲ್ಲಿಯೇ ಕುಂದಿದ್ದ ಬೆಳಕು. ಹೆಸರನ್ನು ಕೇಳಿದ ಕೂಡಲೆ ಉತ್ತರ ಹೇಳುವವನು ಈ ಮೊದಲನೆಯ ಮೆಟ್ಟಿಲಿನಲ್ಲಿಯೇ ಜಾರುತ್ತಾನೆ.

ಹೆಸರಿನಿಂದ ಫಲವನ್ನು ಹೇಳುವ ಈ ದೋಷವನ್ನು ಚೀನೀಯರೇ ಬಹಳ ಹಿಂದೆ ಕಂಡುಕೊಂಡಿದ್ದರು. ಲೂ ಎಂಬ ರಾಜ್ಯದಲ್ಲಿ ಮೂ ಚಿಯಾಂಗ್ ಎಂಬ ರಾಜಮಾತೆಯಿದ್ದಳು. ಆಕೆಯು ತನ್ನ ಪ್ರಿಯನೊಡನೆ ಸೇರಿ ರಾಜ್ಯದಲ್ಲಿ ಒಳಸಂಚು ನಡೆಸಿದ್ದರಿಂದ ಪೂರ್ವದ ಅರಮನೆಯಲ್ಲಿ ಆಕೆಯನ್ನು ಇರಿಸಿದರು. ಅಲ್ಲಿಗೆ ಹೋಗುವಾಗ ಆಕೆಯು ಪ್ರಶ್ನೆಯನ್ನು ನೋಡಿಸಲು, 'ಅನುಸರಣೆ' ಎಂಬ ಆಕೃತಿಯ ಕಡೆಗೆ ಫಲವು ತಿರುಗಿತು. ಅನುಸರಣೆಯೆಂದರೆ ಹೊರಡುವುದು, ಆದುದರಿಂದ ಬೇಗನೆ ಬಿಡುಗಡೆಯಾಗುವುದೆಂದು ದೈವಜ್ಞನು ಹೇಳಿದನು. ಅದನ್ನು ಆಕೆಯೇ ಒಪ್ಪಲಿಲ್ಲ. ಆ ಆಕೃತಿಯ ಶುಭಫಲವು ಕೆಲವು ಸದ್ಗುಣಗಳುಳ್ಳವರಿಗೆ ಹೇಳಿದ್ದು, ಆ ಗುಣಗಳಲ್ಲಿ ಒಂದೂ ತನ್ನಲ್ಲಿಲ್ಲ, ತಾನು ಇಲ್ಲಿಂದ ಹೊರಡಲಾರೆನು ಎಂದು ಆಕೆಯು ನುಡಿದಳೆಂದು 'ತ್ಸೋ ಚುವಾನ್' ಎಂಬ ಇತಿಹಾಸಗ್ರಂಥವು ತಿಳಿಸುತ್ತದೆ. ಕ್ರಿಸ್ತಪೂರ್ವ 564ರಲ್ಲಿ ಆಕೆಯು ಅಲ್ಲಿಯೇ ತೀರಿಕೊಂಡಳು. ದೈವಜ್ಞನಿಗೆ ಹೆಸರು ಕಂಡಿತು. ಅಪರಾಧಿನಿಗೆ ಅಧಿಕಾರಿಭೇದವು ಕಂಡಿತು.

ಈಗ ಪ್ರಕೃತ ಪ್ರಶ್ನೆಯನ್ನು ಒಂದು ನಿದರ್ಶನದಿಂದ ಪರೀಕ್ಷಿಸಬಹುದು. ಮೈಸೂರಿನಿಂದ ಹುಣಸೂರಿಗೆ ಹೋಗುವ ರಸ್ತೆಯಲ್ಲಿ, ನನ್ನೇಶ್ವರನ ಗುಡಿಯಿರುವ ಹಿನಕಲ್ಲಿನಲ್ಲಿ, ಒಬ್ಬ ಗೃಹಸ್ಥನಿದ್ದಾನೆಂದು ಊಹಿಸಬಹುದು. ಹೆಂಡತಿಯು ತವರಿಗೆ ಹೋಗಿ ನಾಲ್ಕು ತಿಂಗಳಾಗಿದೆ. ಈ ಗ್ರಂಥವನ್ನು ಬಲ್ಲ ವೃದ್ಧರೊಬ್ಬರ ಬಳಿಗೆ ಬಂದು, "ಶಾಸ್ತ್ರಿಗಳೆ, ಅವಳು ಬರುತ್ತಾಳೆಯೆ?" ಎಂದು ಕೇಳುತ್ತಾನೆ. ಮೂರು ನಾಣ್ಯಗಳನ್ನು ಆರು ಸಲ ಎಸೆಯುತ್ತಾರೆ. ಸಿಂಹಮುದ್ರೆಯ ಮುಖಕ್ಕೆ 3, ಬೆಲೆಯನ್ನು ಬರೆದ ಮುಖಕ್ಕೆ 2 ಎಂದು ಎಣಿಸಿ ಕೂಡಿದರೆ ಪ್ರತಿ ಸಲವೂ 6, 7, 8, 9 ಇವುಗಳಲ್ಲಿ ಒಂದು ಬರುತ್ತದೆ. ಬೆಸಸಂಖ್ಯೆಯು ಅಖಂಡ ಗೆರೆ, ಸಮಸಂಖ್ಯೆಯು ಮುರಿದ ಗೆರೆ. ಇವುಗಳಲ್ಲಿ 6 ಮತ್ತು 9 ಪಕ್ವವಾಗಿ ತಮ್ಮ ವಿರುದ್ಧಕ್ಕೆ ತಿರುಗುವ ಚಲರೇಖೆಗಳು. ಈತನಿಗೆ ಕೆಳಗಿನಿಂದ ಕ್ರಮವಾಗಿ 7, 8, 6, 8, 8, 8 ಬಂದವು. ಆಕೃತಿಯು 'ಮರಳುವಿಕೆ', ಚಲಿಸುವುದು ಮೂರನೆಯ ಗೆರೆ.

ಒಂದೇ ಗೆರೆಯು ಚಲಿಸಿದರೆ ಆ ಗೆರೆಗೆ ಹೇಳಿದ ಮಾತನ್ನೇ ಮುಖ್ಯವಾಗಿ ಹಿಡಿಯಬೇಕೆಂದು ಹನ್ನೆರಡನೆಯ ಶತಮಾನದ ಪಂಡಿತನಾದ ಝೂ ಶೀಯ ನಿಯಮ. ಇದು ಉಪಯುಕ್ತವಾದ ಕಡಿವಾಣ. ಮೂರನೆಯ ಗೆರೆಯು ಬದಲಾದರೆ ಸೂರ್ಯನು ಭೂಮಿಯೊಳಗೆ ಅಡಗಿದ ಆಕೃತಿಯೊಂದು ಹುಟ್ಟುತ್ತದೆ. ಅದನ್ನು ತೋರಿಸಿ ಪೃಚ್ಛಕನನ್ನು ಹೆದರಿಸುವುದಕ್ಕೂ, ಮೊದಲಿನ ಹೆಸರನ್ನು ತೋರಿಸಿ ಹಿಗ್ಗಿಸುವುದಕ್ಕೂ ಈ ನಿಯಮವು ಎಡೆಗೊಡುವುದಿಲ್ಲ. ಮೂರನೆಯ ಗೆರೆಯ ವಿಷಯವಾದರೋ ಪದೇಪದೇ ಮರಳುವುದು. ಅದರಲ್ಲಿ ಅಪಾಯವಿದೆಯೆಂದೂ, ಆದರೂ ದೋಷವಿಲ್ಲವೆಂದೂ ಗ್ರಂಥದ ಅಭಿಪ್ರಾಯ. ತಪ್ಪಿ ನಡೆದು, ಪಶ್ಚಾತ್ತಾಪಪಟ್ಟು, ಮತ್ತೆ ತಪ್ಪುವವನ ಸ್ಥಿತಿಯಿದು. ಮರಳಿದ್ದಕ್ಕಾಗಿ ಅವನನ್ನು ನಿಂದಿಸುವಂತಿಲ್ಲ. ಮರಳಿದನೆಂದು ನಂಬುವಂತೆಯೂ ಇಲ್ಲ.

ಇಲ್ಲಿ ವೃದ್ಧರು ಫಲವನ್ನು ಹೇಳುವುದಕ್ಕೆ ಮುಂಚೆ ಒಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ. "ಅಪ್ಪಾ, ಇದಕ್ಕೆ ಹಿಂದೆ ಆಕೆ ಎಷ್ಟು ಸಲ ತವರಿಗೆ ಹೋಗಿ ಬಂದಳು?" "ಎರಡು ಸಲ, ಸ್ವಾಮಿ. ಹಿರಿಯರನ್ನು ಕರೆದುಕೊಂಡು ಹೋಗಿ ನಾನೇ ಕರೆತಂದೆ." "ಕರೆತಂದ ಮೇಲೆ?" ಪೃಚ್ಛಕನು ತಲೆಯನ್ನು ತಗ್ಗಿಸುತ್ತಾನೆ. ಕುಡಿತವನ್ನು ಬಿಡುವೆನೆಂದು ಎರಡು ಸಲವೂ ಮಾತು ಕೊಟ್ಟಿದ್ದನು. ಎರಡು ಸಲವೂ ತಿಂಗಳು ತುಂಬುವ ಮೊದಲೇ ಮಾತು ಮುರಿಯಿತು. ಎರಡನೆಯ ಸಲ ಕೈಯನ್ನೂ ಎತ್ತಿದನು. ಆಕೆಯು ಮರಳಿ ಬಂದದ್ದು ನಿಜ; ಆತನು ಮರಳಲಿಲ್ಲ. ಪದೇಪದೇ ಮರಳುವುದರಲ್ಲಿರುವ ಅಪಾಯವೆಂದರೆ ಇದೇ. ಆ ಅಪಾಯವನ್ನು ಅನುಭವಿಸಿದವಳೋ ಪ್ರಶ್ನೆಯನ್ನೇ ಕೇಳಿರದ ಆಕೆ. ಇಂತಹ ಸ್ಥಳದಲ್ಲಿ 'ಬರುವಳು, ಹೋಗಿ ಕರೆದುಕೊಂಡು ಬಾ' ಎಂದು ಹೇಳಿದರೆ, ಸಮಾಧಾನದ ಮಾತು ಒಬ್ಬನಿಗೆ, ಅದರ ಬೆಲೆಯನ್ನು ತೆರುವುದು ಮತ್ತೊಬ್ಬಳಿಗೆ.

ಈ ಆಕೃತಿಯಲ್ಲಿ ಅವಸರದವನನ್ನು ಮೋಸಗೊಳಿಸುವ ಇನ್ನೊಂದು ಸ್ಥಳವಿದೆ. ಇದರ ಸಾಮಾನ್ಯ ಫಲವನ್ನು ಹೇಳುವಾಗ ಏಳನೆಯ ದಿನದಲ್ಲಿ ಮರಳುವಿಕೆಯಾಗುವುದೆಂಬ ಪ್ರಸ್ತಾಪವು ಬರುತ್ತದೆ. ಪೃಚ್ಛಕನು ಕೂಡಲೆ ಪಂಚಾಂಗವನ್ನು ತೆಗೆದು, ಇಂದು ಸೋಮವಾರ, ಬರುವ ಸೋಮವಾರಕ್ಕೆ ಬರುವಳೆಂದು ಎಣಿಸತೊಡಗುತ್ತಾನೆ. ವ್ಯಾಖ್ಯಾನಕಾರರಲ್ಲಿ ಅನೇಕರು ಈ ಏಳನ್ನು ಕ್ರಮದ ಸಂಖ್ಯೆಯೆಂದೇ ವಿವರಿಸಿದ್ದಾರೆ. ಬೇಸಗೆಯ ಮಧ್ಯದಲ್ಲಿ ಮೊದಲನೆಯ ಮುರಿದ ಗೆರೆಯು ಬುಡದಲ್ಲಿ ಹೊಕ್ಕ ಆಕೃತಿಯಿಂದ ಎಣಿಸಿದರೆ, ಒಂದೊಂದೇ ಗೆರೆಯು ಮುರಿಯುತ್ತ ಹೋಗಿ, ಆರನೆಯದರಲ್ಲಿ ಎಲ್ಲವೂ ಮುರಿದು, ಏಳನೆಯದರಲ್ಲಿ ಬೆಳಕು ಮತ್ತೆ ತಳದಲ್ಲಿ ಕಾಣುತ್ತದೆ. ಒಂದು ಕ್ರಮವು ಪೂರ್ತಿಯಾಗದೆ ಮರಳುವಿಕೆಯು ಸಾಧ್ಯವಿಲ್ಲವೆಂಬುದು ಇದರ ತಾತ್ಪರ್ಯ. ಏಳನೆಯ ದಿನ ಆಕೆಯ ತವರಿನ ಬಾಗಿಲಲ್ಲಿ ನಿಂತು ಶಾಸ್ತ್ರದ ಹೆಸರಿನಲ್ಲಿ ಬಲವಂತಪಡಿಸುವವನಿಗೆ ಇದು ಆಧಾರವಲ್ಲ.

ಹಾಗಾದರೆ ಈ ಆಕೃತಿಯಲ್ಲಿ ಆಶೆಗೆ ಅವಕಾಶವೇ ಇಲ್ಲವೆ, ದುಃಖದಿಂದ ಬಂದವನನ್ನು ಬರಿಗೈಯಲ್ಲಿ ಕಳುಹಿಸುವುದು ಕ್ರೌರ್ಯವಲ್ಲವೆ ಎಂದು ಯಾರಾದರೂ ಶಂಕಿಸಬಹುದು. ಅವಕಾಶವಿದೆ, ಆದರೆ ಅದು ತಳದ ಗೆರೆಯಲ್ಲಿದೆ. ಬಹುದೂರ ಹೋಗುವ ಮೊದಲೇ ಮರಳಿದವನಿಗೆ ಅಲ್ಲಿ ಮಹಾಶುಭವನ್ನು ಹೇಳಿದೆ. ಕನ್ಫ್ಯೂಷಿಯಸನ ಶಿಷ್ಯನಾದ ಯೆನ್ ಹುಯಿಯನ್ನು ಇದಕ್ಕೆ ನಿದರ್ಶನವಾಗಿ ಸಂಪ್ರದಾಯವು ತೋರಿಸುತ್ತದೆ. ತನ್ನ ತಪ್ಪು ಅವನಿಗೆ ತಿಳಿಯದೆ ಇರುತ್ತಿರಲಿಲ್ಲ, ತಿಳಿದ ಮೇಲೆ ಅದನ್ನು ಮತ್ತೆ ಮಾಡುತ್ತಿರಲಿಲ್ಲ ಎಂಬುದು ಅವನ ಕೀರ್ತಿ. ಹಿನಕಲ್ಲಿನ ಗೃಹಸ್ಥನಿಗೂ ಈ ದಾರಿಯು ಮುಚ್ಚಿಲ್ಲ. ಹೆಂಡತಿಯು ಬಂದರೂ ಬಾರದಿದ್ದರೂ ಅವನು ಕುಡಿತವನ್ನು ಬಿಡಬಹುದು. ಬಂದರೆ ಮಾತ್ರ ಬಿಡುವೆನೆಂದರೆ ಅದು ಮರಳುವಿಕೆಯಲ್ಲ, ವ್ಯಾಪಾರ.

ತುದಿಯ ಗೆರೆಯಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿದೆ: ಮರಳುವ ದಾರಿಯನ್ನೇ ತಪ್ಪಿದವನದು. ಕ್ರಿಸ್ತಪೂರ್ವ 545ರಲ್ಲಿ ಝಂಗ್ ರಾಜ್ಯದ ಮಂತ್ರಿಯಾದ ಯೂ ಚೀ ಎಂಬವನು ಚೂ ರಾಜ್ಯದ ದೊರೆಯ ನಡತೆಯನ್ನು ನೋಡಿ ಬಂದು, ನಾಣ್ಯವನ್ನಾಗಲಿ ಕಡ್ಡಿಯನ್ನಾಗಲಿ ಮುಟ್ಟದೆ, ಈ ಗೆರೆಯನ್ನೇ ಅವನಿಗೆ ಅನ್ವಯಿಸಿದನು. ತನ್ನ ಬಯಕೆಯು ಕೈಗೂಡಬೇಕೆಂದು ಹಂಬಲಿಸುತ್ತ, ಅದಕ್ಕೆ ಬೇರಾದ ಸದ್ವರ್ತನೆಯನ್ನು ತೊರೆದವನಿಗೆ ಮರಳುವುದಕ್ಕೆ ಸ್ಥಳವೇ ಉಳಿಯುವುದಿಲ್ಲವೆಂದು ಅವನ ವಾದ. ಆ ವರ್ಷವೇ ದೊರೆಯು ಸತ್ತನು. ಕಥೆಯನ್ನು ಬರೆದವರು ಮರಣವನ್ನು ತಿಳಿದ ಮೇಲೆ ಬರೆದವರಾದುದರಿಂದ ಭವಿಷ್ಯವು ಫಲಿಸಿತೆಂಬುದಕ್ಕೆ ಹೆಚ್ಚು ಬೆಲೆಯಿಲ್ಲ; ವಾದಕ್ಕೆ ಬೆಲೆಯಿದೆ. ಹೆಂಡತಿಯು ಬರಬೇಕೆಂದು ಹಂಬಲಿಸುವವನು ಅವಳು ಬಂದು ಬಾಳಬಹುದಾದ ಮನೆಯನ್ನು ಮೊದಲು ಉಳಿಸಿಕೊಂಡಿರುವನೆ ಎಂದು ಅದು ಕೇಳುತ್ತದೆ.

ನಾಣ್ಯಗಳ ಮಿತಿಯನ್ನೂ ಮರೆಯಬಾರದು. ಅಖಂಡ ಗೆರೆಗೂ ಮುರಿದ ಗೆರೆಗೂ ಅವಕಾಶವು ಸಮ. ಆದುದರಿಂದ ಪ್ರಶ್ನೆಯೇನೇ ಇರಲಿ, ಸರಾಸರಿಯಾಗಿ 64 ಮಂದಿಯಲ್ಲಿ ಒಬ್ಬನಿಗೆ ಈ ಆಕೃತಿಯು ಬಂದೇ ಬರುತ್ತದೆ. ಆ ಒಬ್ಬನ ಹೆಂಡತಿಯ ಮನಸ್ಸನ್ನು ನಾಣ್ಯಗಳು ವಿಚಾರಿಸಿಕೊಂಡು ಬಂದಿರುವುದಿಲ್ಲ. ಎದುರಿಗೆ ಕುಳಿತವನ ಮನಸ್ಸನ್ನು ಅವನಿಗೇ ತೋರಿಸುವುದರಲ್ಲಿ ಮಾತ್ರ ಗೆರೆಯ ಮಾತು ನೆರವಾಗಬಲ್ಲುದು. ದೂರದಲ್ಲಿರುವವಳ ನಿಶ್ಚಯವನ್ನು ಅವಳೇ ಹೇಳಬೇಕು.

ಉತ್ತರಾಯಣವು ಆರಂಭವಾಗುವ ಕಾಲದಲ್ಲಿ ಪ್ರಾಚೀನ ರಾಜರು ಗಡಿಯ ದ್ವಾರಗಳನ್ನು ಮುಚ್ಚಿಸುತ್ತಿದ್ದರೆಂದೂ, ವರ್ತಕರು ಪ್ರಯಾಣ ಮಾಡುತ್ತಿರಲಿಲ್ಲವೆಂದೂ ಈ ಆಕೃತಿಯ ವಿವರಣೆಯಲ್ಲಿ ಬರುತ್ತದೆ. ಸೂರ್ಯನು ತಿರುಗಿದ ಮರುದಿನವೇ ಚಳಿಯು ಬಿಡುವುದಿಲ್ಲವೆಂಬುದು ಮೈಸೂರಿನವರೆಲ್ಲರಿಗೂ ತಿಳಿದ ವಿಷಯ. ಡಿಸೆಂಬರಿನಲ್ಲಿ ಹಗಲು ಬೆಳೆಯತೊಡಗಿದರೂ ಸಂಕ್ರಾಂತಿಯವರೆಗೆ ಬೆಳಗಿನ ಮಂಜು ಹಾಗೆಯೇ ಇರುತ್ತದೆ. ಬೆಳಕು ಎಳೆಯದಾಗಿರುವಾಗ ಅದನ್ನು ಹೊರಗೆ ಓಡಾಡಿಸದೆ ಕಾಪಾಡಬೇಕು. ಆದ್ದರಿಂದ ವೃದ್ಧರು ಆ ಗೃಹಸ್ಥನಿಗೆ ಸತ್ಯವಾಗಿ ಹೇಳಬಹುದಾದದ್ದು ಇಷ್ಟು: "ಆಕೆ ಬರುವಳೋ ಇಲ್ಲವೋ ಇದರಲ್ಲಿ ಬರೆದಿಲ್ಲ. ಕರೆಯುವುದಕ್ಕೆ ಈಗ ಹೋಗಬೇಡ. ಎರಡು ಸಲ ಅರ್ಧದಲ್ಲಿ ನಿಂತದ್ದನ್ನು ಈ ಸಲ ಪೂರೈಸು. ಆಮೇಲೆ ನಡೆದದ್ದನ್ನು ಆಕೆಗೆ ತಿಳಿಸು. ಬರುವುದೂ ಬಿಡುವುದೂ ಆಕೆಯ ಇಷ್ಟ." ಪೃಚ್ಛಕನಿಗೆ ಈ ಮಾತು ರುಚಿಸದಿರಬಹುದು. ಆದರೆ ಅವನು ಕೇಳಿದ್ದು ಇನ್ನೊಬ್ಬರ ಮರಳುವಿಕೆಯನ್ನು. ಆಕೃತಿಯು ಹೇಳುವುದು ಅವನದನ್ನು.