ತಾಯಿಗೆ ಕೊಡುವ ಲಂಚ

ಹೆರಿಗೆ ರಜೆ ಮುಗಿಯುವ ಹೊತ್ತಿಗೂ ಮಗು ಅಮ್ಮನನ್ನು ಹುಡುಕಿ ಅಳಲು ಕಲಿಯುವ ಹೊತ್ತಿಗೂ ಹೆಚ್ಚು ಅಂತರವಿಲ್ಲ. ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ಹೆಣ್ಣಿಗೆ ಸಿಗುವುದು 180 ದಿನಗಳ ರಜೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದ ಮೇಲೆ, ಅದರ ವ್ಯಾಪ್ತಿಯ ಸಂಸ್ಥೆಗಳಲ್ಲಿ ಮೊದಲೆರಡು ಮಕ್ಕಳಿಗೆ 26 ವಾರ. ಎರಡು ಲೆಕ್ಕವೂ ಬಂದು ನಿಲ್ಲುವುದು ಆರು ತಿಂಗಳಿಗೇ. ಆ ವಯಸ್ಸಿಗೆ ಎದೆಹಾಲಿನ ಜೊತೆ ರಾಗಿ ಮಣ್ಣಿ ಶುರುವಾಗಿರುತ್ತದೆ. ಆರರಿಂದ ಎಂಟು ತಿಂಗಳ ನಡುವೆ ಮಗುವಿಗೆ ತನ್ನವರು ಯಾರು, ಹೊಸಬರು ಯಾರು ಎಂಬ ಗುರುತು ಗಟ್ಟಿಯಾಗುತ್ತದೆ, ಅಮ್ಮ ಕಣ್ಮರೆಯಾದರೆ ಅಳು ಬರುತ್ತದೆ. ಮೂರು ತಿಂಗಳ ಕೂಸನ್ನು ಅಜ್ಜಿಯ ಮಡಿಲಿಗೆ ಹಾಕಿ ಹೊರಟರೆ ಅದಕ್ಕೆ ಅಷ್ಟಾಗಿ ತಿಳಿಯದು. ಏಳು ತಿಂಗಳ ಮಗುವಿಗೆ ಅಮ್ಮ ಚಪ್ಪಲಿ ಹಾಕಿಕೊಳ್ಳುವುದನ್ನು ನೋಡಿದರೇ ತಿಳಿಯುತ್ತದೆ.

ಸೊರಬದಲ್ಲಿ ಮನೆ, ಶಿಕಾರಿಪುರದಲ್ಲಿ ಕೆಲಸ ಇರುವ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳೋಣ. ಶಿರಾಳಕೊಪ್ಪದ ಮೇಲೆ ಹೋದರೆ ನಲವತ್ತು ಕಿಲೋಮೀಟರ್ ಆಸುಪಾಸಿನ ದಾರಿ. ಹೋಗಲು, ಬರಲು, ಬಸ್ಸು ಕಾಯಲು ಎಲ್ಲ ಸೇರಿ ದಿನದಲ್ಲಿ ಎರಡು ಮೂರು ತಾಸು ರಸ್ತೆಗೇ ಮೀಸಲು. ಅವಳು ಆ ಬಸ್ಸಿನಲ್ಲಿ ಕೂತು ಒಂದು ಕವಿತೆ ಬರೆಯುತ್ತಾಳೆ ಎಂದುಕೊಂಡರೆ, ಆ ಕವಿತೆ ಮಗುವಿನ ಮೇಲಿನ ಮಮತೆಯನ್ನೂ ಮೈಯ ದಣಿವನ್ನೂ ಹೇಗೆ ಒಟ್ಟಿಗೆ ಹೇಳಬೇಕು? ಎರಡನ್ನೂ ಸರಿತೂಗಿಸಬೇಕು ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಆ ಮಾತಿನಲ್ಲೇ ಒಂದು ಮೋಸವಿದೆ. ಸರಿತೂಗಿಸುವುದು ಎಂದರೆ ಒಂದಕ್ಕೆ ಬದಲಾಗಿ ಇನ್ನೊಂದನ್ನು ಕೊಡುವುದು. ಇಲ್ಲಿ ಅಂಥ ವ್ಯಾಪಾರಕ್ಕೆ ಜಾಗವಿದೆಯೇ?

ಮೊದಲು ಅವಳ ಮೈಯಲ್ಲಿ ಏನಾಗುತ್ತದೆ ಎಂಬುದನ್ನು ನೋಡಬೇಕು, ಏಕೆಂದರೆ ಕವಿತೆಗಿಂತ ಮೊದಲು ಮಾತಾಡುವುದು ಮೈ. ಕೆಲಸಕ್ಕೆ ಬಂದು ಮೂರು ನಾಲ್ಕು ತಾಸಾಗುವಷ್ಟರಲ್ಲಿ ಎದೆ ಬಿಗಿಯುತ್ತದೆ. ಹಾಲು ಇಳಿಯುವಂತೆ ಮಾಡುವ ಆಕ್ಸಿಟೋಸಿನ್ ಎಂಬ ರಸದೂತ ಸ್ರವಿಸಲು ಮಗು ಬಾಯಿ ಹಾಕಲೇಬೇಕೆಂದಿಲ್ಲ. ಬೇರೆ ಯಾರದೋ ಮಗು ಅತ್ತರೆ ಸಾಕು, ತನ್ನ ಮಗುವಿನ ನೆನಪಾದರೂ ಸಾಕು. ಸೆರಗಿನ ಒಳಗೆ ರವಿಕೆ ಒದ್ದೆಯಾಗುತ್ತದೆ. ಹಿಂಡಿ ತೆಗೆಯಲು ಬಾಗಿಲಿರುವ ಒಂದು ಕೋಣೆ ಬೇಕು, ಕೈ ತೊಳೆಯಲು ನೀರು ಬೇಕು, ಮುಚ್ಚಳವಿರುವ ಶುಚಿಯಾದ ಪಾತ್ರೆ ಬೇಕು. ಇವು ಸಿಗದಿದ್ದರೆ ಕೆಲವರಿಗೆ ಎದೆ ಕಲ್ಲಾಗುತ್ತದೆ, ಒಂದು ಕಡೆ ಕೆಂಪಾಗಿ ಮುಟ್ಟಿದರೆ ನೋವಾಗುತ್ತದೆ, ಜ್ವರ ಬರುತ್ತದೆ. ಅಷ್ಟಾಯಿತೆಂದರೆ ಸೋಂಕು ತಗುಲಿರಬಹುದೆಂದು ವೈದ್ಯರ ಬಳಿ ಹೋಗಲೇಬೇಕು. ಜ್ವರ ಬಾರದವರಲ್ಲೂ ದಿನ ಕಳೆದಂತೆ ಹಾಲು ತಾನಾಗಿ ಕಡಿಮೆಯಾಗುತ್ತದೆ. ಖಾಲಿಯಾಗದ ಎದೆ, ಹಾಲು ಬೇಡವಂತೆ ಎಂದು ತಿಳಿದುಕೊಳ್ಳುತ್ತದೆ. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕೆಂದು ಕಾಯ್ದೆಯಲ್ಲಿದೆ. ಮಗು ನಲವತ್ತು ಕಿಲೋಮೀಟರ್ ಆಚೆ ಇರುವಾಗ ಆ ಬಿಡುವಿನಲ್ಲಿ ಅವಳು ಯಾರಿಗೆ ಊಡಿಸಬೇಕು?

ಈ ತಾಯಿಯಲ್ಲಿ ಮಮತೆ ಯಾವುದು, ದಣಿವು ಯಾವುದು? ಒದ್ದೆಯಾದ ರವಿಕೆ ಎರಡೂ ಹೌದು. ನೋಯುವ ಎದೆ ಪ್ರೀತಿಯ ಗುರುತೂ ಹೌದು, ದಿನದ ಭಾರವೂ ಹೌದು. ಎರಡನ್ನೂ ಬೇರೆ ಬೇರೆ ತಟ್ಟೆಗಳಲ್ಲಿಟ್ಟು ತೂಗುವವರು ಅವಳ ಮೈಯನ್ನು ಕಂಡವರಲ್ಲ.

ಹಳೆಯ ಹಾಡುಗಳಲ್ಲಿ ಈ ಸಮಸ್ಯೆ ಬೇರೆ ರೂಪದಲ್ಲಿತ್ತು. ಬೀಸುವ ಕಲ್ಲಿನ ಪದಗಳು ದುಡಿಯುವ ಹೆಂಗಸಿನ ಕವಿತೆಗಳೇ. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ಸಂಕಲನ ಅವುಗಳ ಬೆಲೆಯನ್ನು ಓದುಗರಿಗೆ ಕಾಣಿಸಿತು. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲನ್ನು ಮತ್ತೆ ಹಾಡುವ ರೂಢಿಯಿದೆ. ಕಲ್ಲು ತಿರುಗಿಸುವವಳಿಗೆ ಅಲ್ಲಿ ಉಸಿರೆಳೆದುಕೊಳ್ಳಲು ತೆರಪು ಸಿಗುತ್ತದೆ, ಮುಂದಿನ ಸಾಲು ನೆನಪಿಗೆ ಬರಲು ಸಮಯವೂ ಸಿಗುತ್ತದೆ. ದಣಿವು ಆ ಹಾಡಿನ ವಿಷಯವಾಗದಿದ್ದರೂ ಅದರ ನಡಿಗೆಯೊಳಗೇ ಸೇರಿಕೊಂಡಿರುತ್ತದೆ. ಕೂಸು ಅಲ್ಲೇ ತೊಟ್ಟಿಲಲ್ಲಿ ಇಲ್ಲವೇ ಕಾಲಿನ ಮೇಲೆ ಮಲಗಿರುತ್ತದೆ. ‘ಕಂದ’ ಎಂದು ಕರೆದರೆ ಕೇಳಿಸುವಷ್ಟು ಹತ್ತಿರ. ಆ ಕಾಲ ಸುಖದ್ದಾಗಿತ್ತು ಎಂದು ಇದರ ಅರ್ಥವಲ್ಲ. ಕೋಳಿ ಕೂಗುವ ಮುಂಚೆ ಎದ್ದು ಬೀಸುವವಳ ರಟ್ಟೆನೋವಿಗೆ ಸಂಬಳವೂ ಇರಲಿಲ್ಲ, ರಜೆಯೂ ಇರಲಿಲ್ಲ. ಆದರೆ ಹಾಡು ಯಾರನ್ನು ಕುರಿತದ್ದೋ ಆ ಮಗು ಎದುರಿಗಿತ್ತು. ಬಸ್ಸಿನಲ್ಲಿ ಕೂತವಳ ಕವಿತೆ ಎದುರಿಗಿಲ್ಲದ ಮಗುವನ್ನು ಮಾತಾಡಿಸಬೇಕು. ಜೋಗುಳಕ್ಕೆ ಮಗುವನ್ನು ಮಲಗಿಸುವ ಕೆಲಸವಿತ್ತು. ಈ ಕವಿತೆಯಿಂದ ಯಾವ ಮಗುವೂ ಮಲಗುವುದಿಲ್ಲ. ಹಾಗಾಗಿ ಅದು ನಿಜವನ್ನಾದರೂ ಹೇಳಬೇಕು.

ಹೇಳುವ ಬಗೆ ಮೂರು. ಮೊದಲನೆಯದು ಎಲ್ಲರಿಗೂ ಬಾಯಿಗೆ ಬರುವಂಥದ್ದು:

ನಿನ್ನ ನಗುವೊಂದು ಸಾಕು ಕಂದ,
ದಿನದ ದಣಿವೆಲ್ಲ ಮಾಯ.

ಕೇಳಲು ಹಿತ. ಆದರೆ ದಣಿವು ಮಾಯವಾಗಿಲ್ಲ. ಒಲೆಯ ಮೇಲೆ ಕುಕ್ಕರ್ ಇಡಬೇಕು, ನಾಳೆಯ ಲಂಗೋಟಿ ಒಣಗಿವೆಯೇ ನೋಡಬೇಕು, ರಾತ್ರಿ ಎರಡು ಸಲ ಏಳಬೇಕು. ಈ ಸಾಲುಗಳು ಮಗುವಿನ ನಗುವನ್ನು ದಣಿವಿನ ಕೂಲಿಯಾಗಿ ಎಣಿಸಿವೆ. ಕೂಲಿ ಸಂದಾಯವಾದ ಮೇಲೆ ಬಾಕಿ ಏನಿದೆ ಎಂದು ಮನೆಯವರು ಕೇಳಿದರೆ ಉತ್ತರವಿಲ್ಲ.

ಎರಡನೆಯದು ಇದರ ತಲೆಕೆಳಗು:

ನೀನು ಕುಡಿದದ್ದು ಹಾಲಲ್ಲ,
ನನ್ನ ಆಯುಸ್ಸು.

ಇದರಲ್ಲಿ ಸಿಟ್ಟಿದೆ, ಆ ಸಿಟ್ಟು ಸುಳ್ಳೂ ಅಲ್ಲ. ಆದರೆ ಅದು ಬಿದ್ದದ್ದು ಸಲ್ಲದ ತಲೆಯ ಮೇಲೆ. ಅವಳ ಆಯುಸ್ಸು ತಿಂದದ್ದು ಏಳು ತಿಂಗಳ ಕೂಸಲ್ಲ. ಬಸ್ಸಿನ ವೇಳಾಪಟ್ಟಿ, ಕೋಣೆಯಿಲ್ಲದ ಕಚೇರಿ, ಲೋಟ ತೊಳೆಯದ ಕೈಗಳು. ಕಾರಣ ತಪ್ಪಿದ ಕವಿತೆ ಎಷ್ಟೇ ತೀಕ್ಷ್ಣವಾಗಿದ್ದರೂ ತಪ್ಪು ಕವಿತೆ.

ಮೂರನೆಯದು ಹೀಗಿರಬಹುದು:

ಕೈ ಚಾಚಿ ನಕ್ಕೆ ನೀನು.
ಚೀಲ ಇಳಿಸಲೂ ಆಗದೆ
ಹೊಸಿಲ ಮೇಲೇ ಕೂತೆ ನಾನು.

ಇಲ್ಲಿ ನಗು ಒಂದು ಸಾಲಿನಲ್ಲಿದೆ, ದಣಿವು ಪಕ್ಕದಲ್ಲಿದೆ. ಒಂದು ಇನ್ನೊಂದರ ಸಾಲ ತೀರಿಸಲು ಬಂದಿಲ್ಲ. ಇದು ದೊಡ್ಡ ಕವಿತೆಯೇನಲ್ಲ, ಆದರೆ ಇದರಲ್ಲಿ ಸುಳ್ಳಿಲ್ಲ. ಓದಿದವರಿಗೆ ಏಳುವ ಪ್ರಶ್ನೆ ‘ತಾಯಿ ಎಷ್ಟು ದೊಡ್ಡವಳು’ ಎಂಬುದಲ್ಲ. ಆ ಚೀಲವನ್ನು ಇಳಿಸಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇ ಎಂಬುದು.

ಇಲ್ಲಿ ಶಿಕಾರಿಪುರದ ನೆಲದಲ್ಲೇ ಒಂದು ಆಸರೆ ಸಿಗುತ್ತದೆ. ಈ ತಾಲ್ಲೂಕೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಉಡುತಡಿಯ ಅಕ್ಕಮಹಾದೇವಿ. ಆದರೆ ಈ ಪ್ರಶ್ನೆಗೆ ಹೆಚ್ಚು ಹತ್ತಿರದವಳು ಹಿರೇಜಂಬೂರಿನ ಸತ್ಯಕ್ಕ. ಅಕ್ಕ ಮನೆ ಬಿಟ್ಟು ಹೊರಟವಳು, ಸತ್ಯಕ್ಕ ಕಸಬರಿಕೆ ಹಿಡಿದು ಶಿವಭಕ್ತರ ಅಂಗಳ ಗುಡಿಸಿದವಳು. ‘ಶಂಭುಜಕ್ಕೇಶ್ವರ’ ಎಂಬ ಅಂಕಿತದಲ್ಲಿ ಅವಳ ವಚನಗಳು ಉಳಿದಿವೆ. ಲಂಚಕ್ಕೆ, ವಂಚನೆಗೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಬಿದ್ದಿರುವ ಹೊನ್ನನ್ನೂ ವಸ್ತ್ರವನ್ನೂ ಎತ್ತಿಕೊಳ್ಳುವುದಿಲ್ಲ ಎಂದು ಆಣೆಯಿಟ್ಟು ಹೇಳಿದ ಹೆಣ್ಣು ಅವಳು. ಅಂಗಳ ಗುಡಿಸುವವಳ ಕಣ್ಣಿಗೆ ನೆಲದಲ್ಲಿ ಬಿದ್ದದ್ದೆಲ್ಲ ಬೀಳುತ್ತದೆ. ಆದ್ದರಿಂದ ಆ ಛಲ ಬರಿಯ ಆದರ್ಶದ ಮಾತಲ್ಲ, ಅವಳ ಕಸುಬಿನ ಒಳಗಿನಿಂದ ಎದ್ದ ಮಾತು.

ತಾಯಿಗೆ ಸಿಗುವ ಹೊಗಳಿಕೆಯೂ ಹಾಗೆ ಬಿದ್ದಿರುವ ಹೊನ್ನು. ತ್ಯಾಗಮಯಿ, ಕ್ಷಮಯಾಧರಿತ್ರಿ, ನಡೆದಾಡುವ ದೇವರು ಎಂಬ ಬಿರುದುಗಳನ್ನು ಅವಳು ಎತ್ತಿಕೊಂಡಳೋ, ಮತ್ತೇನನ್ನೂ ಕೇಳುವ ಹಕ್ಕು ಅಲ್ಲಿಗೆ ತೀರಿತು. ದೇವರಿಗೆ ಹಾಲು ಹಿಂಡಲು ಕೋಣೆ ಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ರಾಜ್ಯ ಸರ್ಕಾರಿ ನೌಕರನಾದ ಅಪ್ಪನಿಗೆ ಹದಿನೈದು ದಿನ ರಜೆ, ಅಮ್ಮನಿಗೆ ಆರು ತಿಂಗಳು. ಆಮೇಲಿನ ಹೊಣೆಯೆಲ್ಲ ಬಿರುದಿನ ಜೊತೆಗೇ ಬಂದದ್ದು ಎಂಬಂತೆ ಅವಳ ಪಾಲಿಗೆ. ಶಿಕಾರಿಪುರದ ಶಾಸಕರಾಗಿದ್ದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 2021ರ ಮಾರ್ಚ್ 8ರ ಬಜೆಟ್ಟಿನಲ್ಲಿ ಸರ್ಕಾರಿ ನೌಕರಿಯ ಮಹಿಳೆಯರಿಗೆ ಆರು ತಿಂಗಳ ಶಿಶುಪಾಲನಾ ರಜೆ ಘೋಷಿಸಿದರು. ಅದು ಹೊಗಳಿಕೆಯಲ್ಲ, ದಿನಗಳ ಲೆಕ್ಕದಲ್ಲಿ ಕೈಗೆ ಬಂದ ಸಮಯ. ಅಷ್ಟರಮಟ್ಟಿಗೆ ಅದು ಎಷ್ಟೋ ತಾಯಂದಿರ ದಿನದ ಸಭೆಗಳ ಭಾಷಣಕ್ಕಿಂತ ಮೇಲು.

ಲೆಕ್ಕ ಹಾಕುವ ಪ್ರೀತಿ ಪ್ರೀತಿಯೇ ಎಂದು ಆಕ್ಷೇಪಿಸುವವರಿದ್ದಾರೆ. ದಣಿದೆ ಎಂದು ಹೇಳಿಕೊಂಡರೆ ಮಮತೆ ಒಂದಿಷ್ಟು ಕಡಿಮೆಯಾದಂತಲ್ಲವೇ ಎಂಬುದು ಅವರ ಅಳುಕು. ಆದರೆ ತಾಯಿಯಷ್ಟು ಲೆಕ್ಕ ಹಾಕುವವರು ಯಾರಿದ್ದಾರೆ? ಮಣ್ಣಿ ಎಷ್ಟು ಚಮಚ ಒಳಗೆ ಹೋಯಿತು, ಎಷ್ಟು ಉಗುಳಿತು, ಜ್ವರ ಎಷ್ಟಕ್ಕೆ ಏರಿತು, ನಿನ್ನೆಗಿಂತ ಎಷ್ಟು ಹೊತ್ತು ಕಡಿಮೆ ಮಲಗಿತು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಆ ಲೆಕ್ಕವೇ ಅವಳ ಅಕ್ಕರೆ. ಅದೇ ಕಣ್ಣು ತನ್ನ ನಿದ್ದೆಯ ತಾಸುಗಳನ್ನೂ ಎಣಿಸಿದರೆ ಅದು ಸ್ವಾರ್ಥವಾಗುವುದು ಹೇಗೆ?

ಇಂಥ ಕವಿತೆ ತುಂಡು ತುಂಡಾಗಿಯೇ ಹುಟ್ಟುತ್ತದೆ ಎಂಬುದಕ್ಕೆ ದೂರದೇಶದ ಸಾಕ್ಷಿಗಳೂ ಇವೆ. ಅಮೆರಿಕದ ಟಿಲ್ಲಿ ಓಲ್ಸನ್ ನಾಲ್ಕು ಹೆಣ್ಣುಮಕ್ಕಳನ್ನು ಸಾಕುತ್ತ, ಹೊರಗೆ ದುಡಿಯುತ್ತ, ಬಸ್ಸಿನಲ್ಲಿ ನಿಂತುಕೊಂಡೂ ಬರೆದವರು. 1978ರ ‘ಸೈಲೆನ್ಸಸ್’ ಪುಸ್ತಕದಲ್ಲಿ ಅವರು ಬರೆಯಲಾಗದೆ ಹೋದ ವರ್ಷಗಳ ಬಗ್ಗೆಯೇ ವಿಸ್ತಾರವಾಗಿ ಬರೆದರು. ಏಡ್ರಿಯನ್ ರಿಚ್ ತಮ್ಮ ಒಂದು ಮುಖ್ಯ ಕವಿತೆಯನ್ನು ಮಕ್ಕಳು ಮಲಗಿದ ಹೊತ್ತಿನಲ್ಲಿ, ನಡುರಾತ್ರಿ ಎಚ್ಚರವಾದಾಗ, ಚೂರುಚೂರಾಗಿ ಎರಡು ವರ್ಷ ಬರೆದೆನೆಂದು ಹೇಳಿಕೊಂಡಿದ್ದಾರೆ. ಸೊರಬದ ಬಸ್ಸಿನ ತಾಯಿಯ ಕವಿತೆ ಮೂರೇ ಸಾಲಿಗೆ ನಿಂತರೆ ಅದನ್ನು ಅರೆಬರೆ ಎನ್ನಬೇಕಿಲ್ಲ. ಶಿರಾಳಕೊಪ್ಪದಲ್ಲಿ ಸೀಟು ಬಿಟ್ಟುಕೊಡಬೇಕಾಗಿ ಬಂದ ಕಡೆ ಸಾಲು ಮುರಿದಿದ್ದರೆ ಆ ಮುರಿತವೂ ಅವಳ ದಿನದ್ದೇ.

ಇನ್ನೊಂದು ಮಾತು ಉಳಿಯಿತು. ಕೆಲಸಕ್ಕೆ ‘ಮರಳುವ’ ಕವಿತೆ ಬರೆಯಲು ಮೊದಲು ರಜೆ ಇರಬೇಕು. ಸೊರಬದ ಗದ್ದೆಗಳಲ್ಲಿ ಮಳೆಗಾಲದ ನಾಟಿಗೆ ಬರುವ ಕೂಲಿ ಹೆಂಗಸಿಗೆ ಅಂಥ ಒಂದು ದಿನಾಂಕವೇ ಇಲ್ಲ. ಬಾಣಂತನ ಎಷ್ಟು ದಿನ ಎಂಬುದನ್ನು ತೀರ್ಮಾನಿಸುವುದು ಸಸಿಮಡಿ ಮತ್ತು ಮನೆಯ ಅಕ್ಕಿಡಬ್ಬಿ. ಮೂರು ವರ್ಷ ತುಂಬುವವರೆಗೆ ಅಂಗನವಾಡಿಯ ಶಾಲಾಪೂರ್ವ ತರಗತಿಗೂ ಮಗು ಸೇರುವುದಿಲ್ಲ. 2023-24ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಣೆಯಾದ ‘ಕೂಸಿನ ಮನೆ’ ಈ ತೆರಪಿಗಾಗಿಯೇ ಬಂದದ್ದು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಅಲ್ಲಿ ನೋಡಿಕೊಳ್ಳುವವರೂ ತರಬೇತಿ ಪಡೆದ ಅದೇ ಊರಿನ ಹೆಂಗಸರು. ಅವರಲ್ಲೊಬ್ಬಳು ತನ್ನ ಕೂಸನ್ನು ಮನೆಯಲ್ಲಿ ಬಿಟ್ಟು ಬಂದು ಇನ್ನೊಬ್ಬಳ ಕೂಸಿಗೆ ಮಣ್ಣಿ ತಿನ್ನಿಸುತ್ತಿದ್ದರೆ, ಅವಳು ಬರೆಯುವ ಕವಿತೆಯಲ್ಲಿ ‘ಕಂದ’ ಎಂದರೆ ಯಾವ ಮಗು ಎಂದು ಬಸ್ಸಿನ ತಾಯಿಗೂ ಹೇಳಲಾಗದು. ಆ ಕವಿತೆ ಕನ್ನಡದಲ್ಲಿ ಬರಬೇಕು, ಅದಕ್ಕೆ ಅವಳಿಗೆ ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಅರ್ಧ ತಾಸು ಬಿಡುವು ಬೇಕು.