ಜಾತಕ ಕೂಡಿಬರಲಿಲ್ಲ

ನಮ್ಮ ಸಾಗರದ ಮನೆಯಲ್ಲಿ ಅತ್ತೆಯ ಮದುವೆಗೆ ಮುಂಚೆ ನಾಲ್ಕು ಸಂಬಂಧಗಳು ಬಂದು ಹೋಗಿದ್ದವಂತೆ. ನಾಲ್ಕು ಕಡೆಯಿಂದಲೂ ಬಂದದ್ದು ಒಂದೇ ಉತ್ತರ: ಜಾತಕ ಕೂಡಿಬರಲಿಲ್ಲ. ಅದರಲ್ಲಿ ಒಬ್ಬರ ಮನೆಯಲ್ಲಿ ಜಾತಕ ನೋಡುವ ಪದ್ಧತಿಯೇ ಇರಲಿಲ್ಲ ಎಂದು ಅಜ್ಜಿ ನಗುತ್ತಾ ಹೇಳುತ್ತಿದ್ದಳು. ಆದರೂ ಯಾರೂ ಕೆದಕಿ ಕೇಳಲಿಲ್ಲ. ಕೇಳಬಾರದು ಎಂಬುದಕ್ಕಾಗಿಯೇ ಆ ಮಾತು ಇತ್ತು. ಹುಡುಗಿಯ ಬಣ್ಣ, ಹುಡುಗನ ಸಂಬಳ, ಇಷ್ಟವಾಗದ ನಗು, ಎಲ್ಲವನ್ನೂ ಗ್ರಹಗಳ ಮೇಲೆ ಹಾಕಿ ಎರಡೂ ಮನೆಯವರು ತಲೆ ಎತ್ತಿಕೊಂಡು ಓಡಾಡಬಹುದಿತ್ತು.

ನನಗೆ ಆ ಮಾತು ನೆನಪಾದದ್ದು ಕಳೆದ ಮಳೆಗಾಲದ ಒಂದು ಭಾನುವಾರ, ಮೈಸೂರಿನ ಹಾಸ್ಟೆಲ್ ಕೋಣೆಯಲ್ಲಿ. ಹನ್ನೊಂದು ದಿನ ಒಬ್ಬಳ ಜೊತೆ ಡೇಟಿಂಗ್ ಆಪ್‌ನಲ್ಲಿ ಮಾತಾಡಿದ್ದೆ. ಮುಂದಿನ ಶನಿವಾರ ಕಾಫಿಗೆ ಸಿಗೋಣ ಎನ್ನುವವರೆಗೆ ಮಾತು ಬಂದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಚಿತ್ರವಿಲ್ಲ, ಮಾತುಕತೆಯೂ ಇಲ್ಲ. ಅನ್‌ಮ್ಯಾಚ್ ಎಂದರೆ ಹೀಗೆಯೇ: ಒಬ್ಬರು ಗುಂಡಿ ಒತ್ತಿದರೆ ಇಬ್ಬರ ಕಡೆಯಿಂದಲೂ ಸಂಭಾಷಣೆ ಮಾಯವಾಗುತ್ತದೆ, ಕಾರಣ ಬರುವುದಿಲ್ಲ. ಜಗಳವಾಡಿ ಬಿಟ್ಟುಹೋದವರು ಬಾಗಿಲು ಬಡಿದ ಸದ್ದಾದರೂ ಉಳಿಸುತ್ತಾರೆ. ಇಲ್ಲಿ ಬಾಗಿಲೇ ಇದ್ದಿರಲಿಲ್ಲವೇನೋ ಎನ್ನುವಂತೆ ಗೋಡೆ.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಈ ಲೇಖನ ಅದರ ಬಗ್ಗೆಯೇ. ಅಳಿಸಿಹೋದ ಮಾತುಗಳನ್ನು ನೆನಪಿನಿಂದ ಮತ್ತೆ ಕಟ್ಟತೊಡಗಿದೆ. ಶುಕ್ರವಾರ ರಾತ್ರಿ ಅವಳು 'ಹೌದಾ' ಎಂದದ್ದು ಆಸಕ್ತಿಯಿಂದಲೋ ಬೇಸರದಿಂದಲೋ? ಪಿಎಚ್‌ಡಿ ಮುಗಿಯಲು ಇನ್ನೊಂದು ವರ್ಷ ಎಂದದ್ದೇ ತಪ್ಪಾಯಿತೇ? ತಾಳಮದ್ದಳೆ ಕೇಳುತ್ತೇನೆ ಎಂದಾಗ ನಕ್ಕದ್ದು ಯಾವ ನಗು? ಮಧ್ಯಾಹ್ನದ ಹೊತ್ತಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಅವಳ ಮೊದಲ ಹೆಸರು ಮತ್ತು ಊರು ಹಾಕಿ ಹುಡುಕುತ್ತಿದ್ದೆ. ರಾತ್ರಿ ಎರಡು ಗಂಟೆಗೆ ನನ್ನ ಪ್ರೊಫೈಲನ್ನು ತಿದ್ದಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ 1980ರ ದಶಕದ ಕೊನೆಯಿಂದ ಈ ಸ್ಥಿತಿಯ ಬಗ್ಗೆ ಬಹಳ ಕೆಲಸ ಮಾಡಿದವರು. ನೋವಾದಾಗ ಏನನ್ನೂ ಬದಲಿಸದೆ, ನೋವನ್ನೂ ಅದರ ಕಾರಣಗಳನ್ನೂ ಸುತ್ತಿ ಸುತ್ತಿ ಯೋಚಿಸುವುದು ಖಿನ್ನತೆಯನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ ಮತ್ತು ಎಳೆಯುತ್ತದೆ ಎಂಬುದು ಅವರ ವಾದದ ತಿರುಳು. ಇಂಗ್ಲಿಷಿನಲ್ಲಿ ಅದಕ್ಕೆ ರುಮಿನೇಷನ್ ಎನ್ನುತ್ತಾರೆ, ಹಸು ಮೆಲುಕು ಹಾಕುವುದಕ್ಕೂ ಅದೇ ಪದ. ಕನ್ನಡದಲ್ಲಿ ಹಾಗೆ ಅನುವಾದಿಸಿದರೆ ದಾರಿ ತಪ್ಪುತ್ತದೆ. ನಾವು ಮೆಲುಕು ಹಾಕುವುದು ಸಿಹಿಯಾದ ನೆನಪನ್ನು, ಹಸುವಿಗಾದರೂ ಮೆಲುಕಿನಿಂದ ಜೀರ್ಣವಾಗುತ್ತದೆ. ಇದಕ್ಕೆ ನಮ್ಮಲ್ಲಿರುವ ಪದ ಕೊರಗು.

ಕೊರಗುವವನಿಗೆ ತಾನು ಕೊರಗುತ್ತಿದ್ದೇನೆ ಎಂದು ಗೊತ್ತಾಗುವುದಿಲ್ಲ, ತೊಂದರೆ ಅಲ್ಲಿದೆ. ಅವನಿಗೆ ತಾನು ವಿಶ್ಲೇಷಿಸುತ್ತಿದ್ದೇನೆ ಎನ್ನಿಸುತ್ತದೆ. ಸಂಶೋಧನಾ ವಿದ್ಯಾರ್ಥಿಗಳಿಗಂತೂ ಇದು ಇನ್ನೂ ಅಪಾಯ, ಪಠ್ಯ ಕಳೆದುಹೋಗಿದ್ದರೂ ಪಾಠಾಂತರ ಹುಡುಕುವುದೇ ನಮ್ಮ ಕಸುಬು. ನನಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಒಂದು ಒರಟು ಪರೀಕ್ಷೆ. ಒಂದು ಹಾಳೆಯಲ್ಲಿ ನನ್ನ ಪ್ರಶ್ನೆಗಳನ್ನು ಬರೆದೆ, ಪ್ರತಿಯೊಂದರ ಎದುರಿಗೆ ಇದಕ್ಕೆ ಉತ್ತರ ಎಲ್ಲಿ ಸಿಗುತ್ತದೆ ಎಂದು ಬರೆಯಲು ಹೋದೆ. 'ಅವಳಿಗೆ ಏನು ಬೇಸರವಾಯಿತು' ಎಂಬುದಕ್ಕೆ ಉತ್ತರ ಅವಳಲ್ಲಿ ಮಾತ್ರ ಇದೆ, ಅವಳು ಹೋಗಿದ್ದಾಳೆ. 'ಅವಳಿಗೆ ಬೇಸರವೇ ಆಯಿತೇ' ಎಂಬುದಕ್ಕೂ ಅಷ್ಟೇ. ಆರು ಪ್ರಶ್ನೆಗಳಲ್ಲಿ ನನ್ನ ಕೈಗೆ ಎಟುಕುವ ಉತ್ತರವಿದ್ದದ್ದು ಒಂದಕ್ಕೆ: ನನ್ನ ಪ್ರೊಫೈಲ್ ನನ್ನ ಬಗ್ಗೆ ನಿಜ ಹೇಳುತ್ತದೆಯೇ? ಉಳಿದ ಐದನ್ನು ಮೂರನೆಯ ಸುತ್ತು ತಿರುಗಿಸಿದರೂ ಹೊಸ ಸಂಗತಿ ಒಂದೂ ಹುಟ್ಟಲಿಲ್ಲ. ಹೊಸ ಸಂಗತಿ ಹುಟ್ಟದ ಯೋಚನೆ ಯೋಚನೆಯಲ್ಲ ಎಂದು ಅಲ್ಲಿಗೆ ನಿಲ್ಲಿಸಲು ಒಂದು ನೆಪ ಸಿಕ್ಕಿತು. ನಿಂತಿತು ಎನ್ನಲಾರೆ. ಅದು ಮತ್ತೆ ಬಂದಾಗ ಗುರುತಿಸಲು ಸಾಧ್ಯವಾಯಿತು.

ಆದರೆ ಇಲ್ಲೊಂದು ನೈತಿಕ ಪ್ರಶ್ನೆ ಉಳಿಯುತ್ತದೆ, ಅದನ್ನು ಮನಶ್ಶಾಸ್ತ್ರದಿಂದ ತೀರಿಸಲಾಗುವುದಿಲ್ಲ. ಅವಳು ನನಗೆ ಒಂದು ಮಾತು ಹೇಳಿ ಹೋಗಬೇಕಿತ್ತಲ್ಲವೇ?

ಆ ವಾರವೆಲ್ಲ ನನ್ನ ಉತ್ತರ 'ಹೌದು' ಎಂದೇ ಇತ್ತು. ಅದನ್ನು ಅಲುಗಾಡಿಸಿದ್ದು ನನ್ನದೇ ಒಂದು ನೆನಪು. ಅದಕ್ಕೂ ಎರಡು ತಿಂಗಳ ಹಿಂದೆ ನಾನೂ ಒಬ್ಬಳನ್ನು ಅನ್‌ಮ್ಯಾಚ್ ಮಾಡಿದ್ದೆ. ಅವಳಲ್ಲಿ ಏನೂ ತಪ್ಪಿರಲಿಲ್ಲ. ಪ್ರಗತಿ ವರದಿ ಒಪ್ಪಿಸುವ ವಾರ, ಅಪ್ಪನಿಗೆ ಹುಷಾರಿರಲಿಲ್ಲ, ಉತ್ತರಿಸದೆ ಉಳಿದ ನಾಲ್ಕು ಸಂದೇಶಗಳು ಸಾಲದಂತೆ ಕಾಣುತ್ತಿದ್ದವು. ಆ ಸಾಲ ತೀರಿಸುವ ಬದಲು ಪುಸ್ತಕವನ್ನೇ ಸುಟ್ಟೆ. ಅವಳು ಎಲ್ಲೋ ಕುಳಿತು ತನ್ನ ಯಾವ ಮಾತು ತಪ್ಪಾಯಿತು ಎಂದು ಯೋಚಿಸಿರಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ನಾನು ಬಿಟ್ಟಾಗ ಕಾರಣ ನನ್ನ ಪರಿಸ್ಥಿತಿ, ನನ್ನನ್ನು ಬಿಟ್ಟಾಗ ಕಾರಣ ನನ್ನ ಕೊರತೆ ಅಥವಾ ಅವಳ ಕ್ರೌರ್ಯ: ಇಂಥ ಲೆಕ್ಕವನ್ನು ಯಾವ ಅಂಗಡಿಯವನೂ ಒಪ್ಪುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ನನ್ನ ಗೆಳತಿಯೊಬ್ಬಳು, ನಮ್ಮ ವಿಭಾಗದವಳೇ, ಇದನ್ನು ಕೇಳಿ ಹೇಳಿದಳು: "ನಯವಾಗಿ ಬೇಡ ಅಂದ್ರೆ ಹತ್ತರಲ್ಲಿ ಇಬ್ಬರಾದರೂ ಬೈತಾರೆ ಕಣೋ. ಯಾಕೆ ಅಂತ ಕೇಳ್ತಾನೇ ಇರ್ತಾರೆ. ಆ ಇಬ್ಬರು ಯಾರು ಅಂತ ಮೊದಲೇ ಹೇಗೆ ಗೊತ್ತಾಗುತ್ತೆ?" ಅನ್‌ಮ್ಯಾಚ್ ಎಂಬ ಗುಂಡಿಯ ಮುಖ್ಯ ಉಪಯೋಗವೇ ಅದು. ನಾನು ಅಂಥವನಲ್ಲ ಎನ್ನಲು ಬಾಯಿ ತೆರೆದೆ, ಭಾನುವಾರ ಮಧ್ಯಾಹ್ನದ ಇನ್‌ಸ್ಟಾಗ್ರಾಮ್ ಹುಡುಕಾಟ ನೆನಪಾಗಿ ಮುಚ್ಚಿದೆ. ಮುಚ್ಚಿದ ಬಾಗಿಲಿನ ಪಕ್ಕದ ಕಿಟಕಿ ತಡಕುವವನು ಒಳ್ಳೆಯ ಉದ್ದೇಶದಿಂದ ತಡಕುತ್ತಿದ್ದಾನೆ ಎಂದು ಒಳಗಿರುವವಳು ಯಾಕೆ ನಂಬಬೇಕು? ಮೂರು ಸಲ ಎದುರು ಕುಳಿತು ಕಾಫಿ ಕುಡಿದ ಮೇಲೆ ಒಂದು ವಾಕ್ಯದ ಋಣ ಇದೆ ಎಂದು ನಾನು ಈಗಲೂ ನಂಬುತ್ತೇನೆ. ಹನ್ನೊಂದು ದಿನದ ಟೈಪಿಂಗಿಗೆ ಆ ಋಣ ಹುಟ್ಟುವುದಿಲ್ಲ.

ಐರಿಸ್ ಮರ್ಡಾಕ್ ಅವರ 'ದಿ ಸಾವರಿನ್ಟಿ ಆಫ್ ಗುಡ್' (1970) ಕೃತಿಯಲ್ಲಿ ಒಬ್ಬ ಅತ್ತೆ ಮತ್ತು ಸೊಸೆಯ ಉದಾಹರಣೆ ಇದೆ. ಅತ್ತೆಗೆ ಸೊಸೆ ಒರಟಾಗಿ, ಮಗುವಿನಂತೆ, ಮಗನಿಗೆ ತಕ್ಕವಳಲ್ಲದವಳಾಗಿ ಕಾಣುತ್ತಾಳೆ. ಆದರೆ ನಡವಳಿಕೆಯಲ್ಲಿ ಒಂದಿಷ್ಟೂ ತೋರಗೊಡುವುದಿಲ್ಲ. ಕಾಲ ಕಳೆದಂತೆ ಅತ್ತೆ ತನ್ನನ್ನೇ ಪ್ರಶ್ನಿಸಿಕೊಳ್ಳುತ್ತಾಳೆ: ನನ್ನಲ್ಲಿ ಹೊಟ್ಟೆಕಿಚ್ಚು ಇರಬಹುದೇ, ಹಳೆಯ ಕಾಲದ ಕಣ್ಣಿರಬಹುದೇ? ಮತ್ತೆ ನೋಡುತ್ತಾಳೆ. ಒರಟುತನ ಸರಳತೆಯಾಗಿ ಕಾಣುತ್ತದೆ. ಮರ್ಡಾಕ್ ಇಲ್ಲಿ ಸೊಸೆ ಅಷ್ಟರಲ್ಲಿ ವಿದೇಶಕ್ಕೆ ಹೋಗಿದ್ದಾಳೆ ಅಥವಾ ತೀರಿಕೊಂಡಿದ್ದಾಳೆ ಎಂದು ಊಹಿಸಿಕೊಳ್ಳಲು ಹೇಳುತ್ತಾರೆ. ಹೊರಗೆ ಏನೂ ಬದಲಾಗಲಿಲ್ಲ, ಇನ್ನು ಬದಲಾಗುವ ಅವಕಾಶವೂ ಇಲ್ಲ. ಆದರೂ ಅತ್ತೆ ಏನನ್ನೋ ಮಾಡಿದ್ದಾಳೆ, ಅದು ನೈತಿಕವಾದ ಕೆಲಸ ಎಂಬುದು ಅವರ ವಾದ.

ಹೋದವಳ ಬಗ್ಗೆ ನ್ಯಾಯವಾಗಿ ಯೋಚಿಸುವುದು ಅವಳಿಗೆ ಎಂದೂ ತಲುಪದಿದ್ದರೂ ಕೆಲಸವೇ ಎಂಬುದು ನನಗೆ ಆಸರೆಯಾಯಿತು. ಒಂದು ಮಿತಿ ಮಾತ್ರ ಇದೆ. ಮರ್ಡಾಕ್‌ರ ಅತ್ತೆಗೆ ಸೊಸೆ ಗೊತ್ತಿದ್ದಳು. ನನಗೆ ಗೊತ್ತಿದ್ದದ್ದು ಆರು ಚಿತ್ರ, ಒಂದಷ್ಟು ತಮಾಷೆ. ಮತ್ತೆ ನೋಡಿ ಅವಳನ್ನು ಒಳ್ಳೆಯವಳನ್ನಾಗಿ ಚಿತ್ರಿಸಿಕೊಂಡರೆ ಅದೂ ಕತೆಯೇ. ಹೀಗಾಗಿ ನನ್ನ ಪಾಲಿನ ನ್ಯಾಯವೆಂದರೆ ಆ ಜಾಗವನ್ನು ಖಾಲಿ ಬಿಡುವುದು. ಖಾತೆಯನ್ನೇ ಅಳಿಸಿದರೂ ನನ್ನ ಪರದೆಯಲ್ಲಿ ಹೀಗೆಯೇ ಕಾಣುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಅಜ್ಜಿಯ ಕಾಲದ ಗ್ರಹಗಳು ಮಾಡುತ್ತಿದ್ದುದೂ ಬಹುಶಃ ಇದನ್ನೇ: ಕಾರಣದ ಜಾಗದಲ್ಲಿ ಒಂದು ಮಾನವಾದ ಖಾಲಿತನ ಇಡುವುದು.

ಇನ್ನು ಪ್ರೊಫೈಲ್. ರಾತ್ರಿ ಎರಡು ಗಂಟೆಗೆ ತಿದ್ದಿದ್ದನ್ನು ಮರುದಿನ ರೂಮ್‌ಮೇಟಿಗೆ ತೋರಿಸಿದೆ. ಅವನು ಓದಿ, "ಲೋ, ಇದು ಪ್ರೊಫೈಲಾ, ಎಫ್‌ಐಆರಾ?" ಎಂದ. ಮೊದಲ ಸಾಲು ಹೀಗಿತ್ತು: 'ಟೈಂಪಾಸ್ ಮಾಡುವವರು, ಮಾತಾಡಿ ಮಾಯವಾಗುವವರು ದಯವಿಟ್ಟು ಬರಬೇಡಿ.' ಅದನ್ನು ಓದಬೇಕಾದವಳು ಓದುವುದಿಲ್ಲ, ಅವಳಿಗೆ ನನ್ನ ಪ್ರೊಫೈಲ್ ಕಾಣುವುದೇ ಇಲ್ಲ. ಓದುವವಳು ಯಾವ ತಪ್ಪೂ ಮಾಡದ ಇನ್ನೊಬ್ಬಳು, ಬಂದ ಕೂಡಲೇ ಬೇರೆಯವಳ ಮೇಲಿನ ದೂರನ್ನು ಕೇಳಬೇಕು.

ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಪ್ಪನ್ನೂ ನಾನು ಮಾಡಿದ್ದೆ, ರೂಮ್‌ಮೇಟಿಗೂ ಅದು ಕಾಣಲಿಲ್ಲ. ತಾಳಮದ್ದಳೆಯ ಸಾಲನ್ನು ಅಳಿಸಿ 'ಸಂಗೀತ, ಸಿನಿಮಾ ಇಷ್ಟ' ಎಂದು ಬರೆದಿದ್ದೆ. ಆ ನಗು ಗೇಲಿಯ ನಗು ಎಂದು ನಾನೇ ತೀರ್ಮಾನಿಸಿ, ಅದಕ್ಕೆ ತಕ್ಕಂತೆ ನನ್ನನ್ನು ಕತ್ತರಿಸಿಕೊಂಡಿದ್ದೆ. ದೂರು ಹೇಳುವ ಪ್ರೊಫೈಲ್ ಕಣ್ಣಿಗೆ ರಾಚುತ್ತದೆ. ಸವೆದ ಪ್ರೊಫೈಲ್ ರಾಚುವುದಿಲ್ಲ. ಪ್ರತಿ ನಿರಾಕರಣೆಗೆ ಒಂದೊಂದು ಸಾಲು ತೆಗೆಯುತ್ತಾ ಹೋದರೆ ಕೊನೆಗೆ ಯಾರಿಗೂ ಬೇಡವೆನ್ನಿಸದ, ಯಾರಿಗೂ ಬೇಕೆನ್ನಿಸದ ಒಬ್ಬ ಉಳಿಯುತ್ತಾನೆ.

ಎರಡು ವಾರ ಆಪ್ ತೆರೆಯಲಿಲ್ಲ. ತೆರೆದಾಗ ಅವಳ ಹೆಸರಿದ್ದ ಜಾಗವನ್ನು ಕಣ್ಣು ಹುಡುಕಿತು, ಮತ್ತೆ ಮುಚ್ಚಿದೆ. ಇನ್ನೂ ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ಹುಡುಕಲಿಲ್ಲ. ಅಂದು ಬರೆಯಲು ಕುಳಿತೆ, ಕಾಗದದ ಮೇಲೆ, ಕಾಫಿ ಕುಡಿದು. ನಾನಿದ್ದ ಆಪ್‌ನಲ್ಲಿ ಮೂರು ಉತ್ತರ ಬರೆಯಬೇಕು, ಒಂದೊಂದಕ್ಕೆ 150 ಅಕ್ಷರ. (ಯುನಿಕೋಡ್ ಲೆಕ್ಕದಲ್ಲಿ 'ಸ್ತ್ರೀ' ಎಂಬ ಒಂದಕ್ಷರವೇ ಆರು ಸಂಕೇತಗಳನ್ನು ನುಂಗುತ್ತದೆ, ಕನ್ನಡದಲ್ಲಿ ಬರೆಯುವವನು ಜಿಪುಣನಾಗಲೇಬೇಕು.) ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕಿದೆ: ಇದನ್ನು ಯಾರಿಗೆ ಹೇಳುತ್ತಿದ್ದೇನೆ? ಹೋದವಳಿಗೆ ಎಂದಾದರೆ ಹೊಡೆದುಹಾಕಿದೆ.

'ಪ್ರಾಮಾಣಿಕ, ಸರಳ' ಎಂಬುದು ಹೋಯಿತು. ಅದನ್ನು ನಾನು ಹೇಳಿದರೆ ಬೆಲೆಯಿಲ್ಲ. ಅದರ ಜಾಗದಲ್ಲಿ ಬಂದದ್ದು: 'ಭಾನುವಾರ ದೇವರಾಜ ಮಾರುಕಟ್ಟೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಸೊಪ್ಪು ಕೊಳ್ಳುತ್ತೇನೆ. ಅರ್ಧ ಬಾಡುತ್ತದೆ.' ಏನು ಬೇಕು ಎಂಬಲ್ಲಿ ಮೊದಲು 'ನೋಡೋಣ' ಎಂದಿತ್ತು. ಅದು ಉದಾರತೆಯಲ್ಲ, ನಿರಾಕರಣೆಯ ಭಯ. ಏನೂ ಕೇಳದವನಿಗೆ ಯಾರೂ ಇಲ್ಲವೆನ್ನಲಾರರು. ಅದನ್ನು ಹೀಗೆ ಬದಲಿಸಿದೆ: 'ಮದುವೆಯವರೆಗೆ ಹೋಗಬಹುದಾದ ಪರಿಚಯ. ಥೀಸಿಸ್ ಮುಗಿಯಲು ಇನ್ನೊಂದು ವರ್ಷ, ಸಂಬಳ ಆಮೇಲೆ.' ಮೂರನೆಯದಾಗಿ ತಾಳಮದ್ದಳೆ ವಾಪಸು ಬಂತು, ಒಂದು ಪ್ರಶ್ನೆಯ ಜೊತೆ, ಓದಿದವರಿಗೆ ಮಾತು ಶುರುಮಾಡಲು ಒಂದು ಹಿಡಿ ಇರಲಿ ಎಂದು: 'ನಿದ್ದೆ ಬಾರದಿದ್ದರೆ ತಾಳಮದ್ದಳೆ ಕೇಳುತ್ತೇನೆ. ನೀವು?' ತಂಪು ಕನ್ನಡಕದ ಚಿತ್ರ ತೆಗೆದು, ಕುಕ್ಕರಹಳ್ಳಿ ಕೆರೆಯ ಬಳಿ ರೂಮ್‌ಮೇಟ್ ತೆಗೆದದ್ದನ್ನು ಹಾಕಿದೆ. ಅದರಲ್ಲಿ ನನ್ನ ಕಿವಿ ದೊಡ್ಡದಾಗಿ ಕಾಣುತ್ತದೆ, ಇರುವುದೂ ಹಾಗೆಯೇ.

ಲೈಕುಗಳು ಮೊದಲಿಗಿಂತ ಕಡಿಮೆ ಬಂದವು. ಬಂದವರಲ್ಲಿ ಒಬ್ಬಳು ಶೇಣಿಯವರ ಅರ್ಥಗಾರಿಕೆ ಕೇಳಿದ್ದೀರಾ ಎಂದು ಶುರುಮಾಡಿದಳು. ನಾಲ್ಕು ದಿನ ಚೆನ್ನಾಗಿ ಮಾತಾಡಿದೆವು. ಐದನೆಯ ದಿನ ಅವಳೂ ಪಟ್ಟಿಯಲ್ಲಿರಲಿಲ್ಲ. ಎದೆ ಒಮ್ಮೆ ಧಸಕ್ಕೆಂದಿತು. ಸ್ವಲ್ಪ ಹೊತ್ತು ಕುಳಿತಿದ್ದು, ಅವಳು ಹೇಳಿದ್ದ ಹಳೆಯ ಧ್ವನಿಮುದ್ರಣವೊಂದನ್ನು ಹುಡುಕಿ ಹಾಕಿದೆ. ಪ್ರೊಫೈಲಿನಲ್ಲಿ ಏನನ್ನೂ ತಿದ್ದಲಿಲ್ಲ.