ಹಿಟ್ಟಿನ ಕೋಳಿಯ ಕೂಗು: ಮಕ್ಕಳಿಗೆ ಹೇಳುವ ಜೀವದಯಾಷ್ಟಮಿಯ ಕಥೆ

ನವರಾತ್ರಿಯ ಅಷ್ಟಮಿಯಂದು ಕರ್ನಾಟಕದ ಶ್ರಾವಕರು ಆಚರಿಸುವ ಜೀವದಯಾಷ್ಟಮಿಯ ನೋಂಪಿಗೆ ಯಶೋಧರ ಮಹಾರಾಜನ ಕಥೆಯೇ ಆಧಾರ. ಜನ್ನ ಕವಿಯು 1209ರಲ್ಲಿ ಕನ್ನಡಕ್ಕೆ ತಂದ ಈ ಚರಿತೆಯನ್ನು ಅಂದು ಬಸದಿಗಳಲ್ಲಿಯೂ ಮನೆಗಳಲ್ಲಿಯೂ ಓದಿಸಿ ಕೇಳುವುದು ವಾಡಿಕೆ. ಮಕ್ಕಳ ಕೈಗೆ ಕೊಡುವ ವಿವರಣೆಯಾದರೋ ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ: ಸಂಕಲ್ಪಹಿಂಸೆಯೂ ತ್ಯಾಜ್ಯವೆಂಬುದನ್ನು ಸ್ಮರಿಸಲು ಈ ವ್ರತ. ಹತ್ತು ವರ್ಷದ ಬಾಲಕನಿಗೆ ಈ ವಾಕ್ಯದಿಂದ ಏನೂ ದೊರೆಯುವುದಿಲ್ಲ. ಆದುದರಿಂದ ಪಾಠಶಾಲೆಯ ಶಿಕ್ಷಕರೊಬ್ಬರು ಅದನ್ನೇ ಅಜ್ಜಿ ಹೇಳುವ ಕಥೆಯಂತೆ ಹೊಸದಾಗಿ ಬರೆಯಲು ಹೊರಟರೆ ಅದು ಮೆಚ್ಚತಕ್ಕ ಕಾರ್ಯವೇ. ಆದರೆ ಕಥೆಗೆ ಜೀವ ತುಂಬುವ ಭರದಲ್ಲಿ ವ್ರತದ ಜೀವವೇ ಹೋಗಬಾರದು. ಹಾಗಾದರೆ ಯಾವುದನ್ನು ಬಿಡಬಹುದು, ಯಾವುದನ್ನು ಬದಲಿಸಲಾಗದು?

ಮೊದಲ ತೊಡಕು ಕಥೆಯ ಆರಂಭದಲ್ಲಿಯೇ ಇದೆ. ಉಜ್ಜಯಿನಿಯ ಅರಸನಾದ ಯಶೋಧರನು ತನ್ನ ರಾಣಿ ಅಮೃತಮತಿಯು ಪರಪುರುಷನಲ್ಲಿ ಆಸಕ್ತಳಾದುದನ್ನು ಕಂಡು ನೊಂದು, ಆ ಮಾತನ್ನು ತಾಯಿಗೆ ನೇರವಾಗಿ ಹೇಳಲಾರದೆ, ಕೆಟ್ಟ ಕನಸು ಕಂಡೆನೆಂಬ ನೆವದಲ್ಲಿ ಮರೆಮಾಡಿ ಹೇಳುತ್ತಾನೆ. ತಾಯಿ ಚಂದ್ರಮತಿಯು ಅದನ್ನು ನಿಜವಾದ ದುಃಸ್ವಪ್ನವೆಂದೇ ತಿಳಿದು, ದೋಷಪರಿಹಾರಕ್ಕಾಗಿ ಚಂಡಮಾರಿಗೆ ಬಲಿ ಕೊಡಬೇಕೆನ್ನುತ್ತಾಳೆ. ರಾಣಿಯ ವೃತ್ತಾಂತವನ್ನು ಮಕ್ಕಳಿಗೆ ಹೇಳಬೇಕಾಗಿಲ್ಲ. ಆದರೆ ಅದನ್ನು ಬಿಡುವಾಗ ಸತ್ಯವ್ರತಕ್ಕೆ ಭಂಗ ಬಾರದಂತೆ ಬಿಡಬೇಕು. "ರಾಜನು ಒಂದು ರಾತ್ರಿ ಕೆಟ್ಟ ಕನಸು ಕಂಡನು" ಎಂದು ಬರೆದರೆ ಅದು ಸುಳ್ಳಾಗುತ್ತದೆ. "ಅಮ್ಮಾ, ಕೆಟ್ಟ ಕನಸು ಕಂಡೆ ಎಂದು ರಾಜನು ಹೇಳಿದನು" ಎಂದು ಬರೆದರೆ ಸುಳ್ಳಾಗದು. ಮುಂದೆ ದೊಡ್ಡವನಾಗಿ ಮೂಲಗ್ರಂಥವನ್ನು ಓದುವ ಬಾಲಕನು ತನಗೆ ಕಥೆಯನ್ನು ಪೂರ್ತಿ ಹೇಳಿರಲಿಲ್ಲವೆಂದು ತಿಳಿಯುವನು, ಆದರೆ ತನ್ನನ್ನು ವಂಚಿಸಿದರೆಂದು ತಿಳಿಯಲಾರನು. ಒಂದು ಕ್ರಿಯಾಪದದಲ್ಲಿ ಇಷ್ಟು ಅಂತರವಿದೆ.

ಎರಡನೆಯ ತೊಡಕು ಕಥೆಯ ನಡುವಿನದು, ಅದೇ ಎಲ್ಲಕ್ಕಿಂತ ಮುಖ್ಯವಾದುದು. ಯಶೋಧರನು ಜೀವಬಲಿಗೆ ಒಪ್ಪುವುದಿಲ್ಲ. ಆಗ ತಾಯಿಯು ಹಿಟ್ಟಿನ ಕೋಳಿಯನ್ನಾದರೂ ಬಲಿ ಕೊಡೆಂದು ಬೇಡುತ್ತಾಳೆ. ಮಾತೃವಚನವನ್ನು ಮೀರಲಾರದೆ ಅವನು ಒಪ್ಪುತ್ತಾನೆ. ಹಿಟ್ಟಿನಿಂದ ಮಾಡಿ ಬಣ್ಣ ಹಚ್ಚಿದ ಆ ಕೋಳಿಯು ನಿಜವಾದ ಕೋಳಿಯಂತೆಯೇ ತೋರುತ್ತದೆ. ಅದರ ಚೆಲುವಿಗೆ ಮರುಳಾಗಿ ಒಂದು ವ್ಯಂತರವು ಅದರಲ್ಲಿ ಸೇರಿಕೊಂಡಿತ್ತೆಂದೂ, ಕತ್ತಿ ಬಿದ್ದಾಗ ಅದು ಕೂಗಿತೆಂದೂ ಜನ್ನನ ಕಥೆ ಹೇಳುತ್ತದೆ.

ಕಥೆ ಹೇಳುವವನ ಕೈ ಇಲ್ಲಿಯೇ ಜಾರುವುದು. ಮಕ್ಕಳು ನಗಲೆಂದು ಕೋಳಿಯನ್ನು ಮೊದಲೇ ಮಾತಾಡಿಸಿ, ಅದು ರೆಕ್ಕೆ ಬಡಿದು "ನನ್ನನ್ನು ಬಿಡು" ಎಂದು ಬೇಡಿಕೊಂಡಂತೆ ಬರೆದರೆ ಕಥೆಯೇನೋ ರಂಗೇರುತ್ತದೆ. ಆದರೆ ಕೇಳುವ ಮಗುವಿಗೆ ಅದು ಜೀವವಿರುವ ಕೋಳಿಯೇ ಆಗಿಬಿಡುತ್ತದೆ. ಆಮೇಲೆ ಉಳಿಯುವ ನೀತಿ ಕೋಳಿಯನ್ನು ಕೊಲ್ಲಬಾರದೆಂಬುದು ಮಾತ್ರ. ಅದು ಸತ್ಯವಾದರೂ ಅಷ್ಟನ್ನು ಕಲಿಸಲು ಹಿಟ್ಟಿನ ಕೋಳಿ ಬೇಕಾಗಿರಲಿಲ್ಲ. ಈ ವ್ರತದ ಮಾತು ಬೇರೆ. ಹಿಟ್ಟಿಗೆ ನೋವಿಲ್ಲ, ಕೊಲ್ಲುವೆನೆಂಬ ಸಂಕಲ್ಪವು ಮಾತ್ರ ನಿಜವಾಗಿತ್ತು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಇಟ್ಟಿದೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವಂತೂ ರಾಗಾದಿಗಳು ಹುಟ್ಟುವುದನ್ನೇ ಹಿಂಸೆಯೆನ್ನುತ್ತದೆ. ಮಕ್ಕಳ ಕಥೆಯು ಈ ತತ್ತ್ವವನ್ನು ಹೆಸರಿಸಬೇಕಾಗಿಲ್ಲ, ಆದರೆ ಅದಕ್ಕೆ ವಿರುದ್ಧವಾಗಿಯೂ ನಡೆಯಕೂಡದು.

ಆದುದರಿಂದ ಆ ಸಂದರ್ಭವನ್ನು ಹೀಗೆ ಬರೆಯಬಹುದು: "ಬರೀ ಹಿಟ್ಟು ಮಕ್ಕಳೇ! ನಿಮ್ಮಮ್ಮ ರೊಟ್ಟಿ ತಟ್ಟುವಳಲ್ಲ, ಅಂಥದೇ ಹಿಟ್ಟು. ರಾಜನಿಗೂ ಗೊತ್ತು. ಆದರೂ ಕತ್ತಿ ಎತ್ತುವಾಗ ಅವನ ಮನಸ್ಸು ಏನೆಂದಿತು? 'ಇದು ಕೋಳಿ, ಇದನ್ನು ಕಡಿಯುತ್ತೇನೆ' ಎಂದಿತು. ಕತ್ತಿ ಬಿತ್ತು. ಆಗ ಕೇಳಿಸಿತು ನೋಡಿ, ಒಂದು ಕೂಗು! ರಾಜನ ಕೈ ನಡುಗಿತು. 'ಅಯ್ಯೋ, ನಾನು ಏನು ಮಾಡಬೇಕೆಂದಿದ್ದೆ?' ಎಂದುಕೊಂಡನು." ಇಲ್ಲಿ ಕೂಗು ಏಟಿನ ನಂತರ ಬರುತ್ತದೆ, ಹಿಟ್ಟು ಹಿಟ್ಟಾಗಿಯೇ ಉಳಿಯುತ್ತದೆ. ರಾಜನ ಪ್ರಶ್ನೆಯಲ್ಲಿ 'ಏನು ಮಾಡಿದೆ' ಎಂದಿಲ್ಲ, 'ಏನು ಮಾಡಬೇಕೆಂದಿದ್ದೆ' ಎಂದಿದೆ. ವ್ಯಂತರದ ಸಂಗತಿಯನ್ನು ಆಮೇಲೆ ಒಂದು ಮಾತಿನಲ್ಲಿ ಹೇಳಿದರೆ ಸಾಕು.

ಮೂರನೆಯದು ಭವಾವಳಿ. ರಾಜನು ಪಶ್ಚಾತ್ತಾಪದಿಂದ ರಾಜ್ಯವನ್ನು ಬಿಡಲು ನಿಶ್ಚಯಿಸಿದರೂ ಅಷ್ಟರಲ್ಲಿ ತಾಯಿಮಕ್ಕಳಿಬ್ಬರೂ ವಿಷದಿಂದ ಸಾಯುತ್ತಾರೆ. ಮಗನು ನವಿಲಾಗಿಯೂ ತಾಯಿ ನಾಯಿಯಾಗಿಯೂ ಹುಟ್ಟುತ್ತಾರೆ. ಅನೇಕ ತಿರ್ಯಗ್ಜನ್ಮಗಳ ಕೊನೆಗೆ ಕೋಳಿಗಳಾಗಿ, ಆಮೇಲೆ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗುತ್ತಾರೆ. ಎಲ್ಲ ಜನ್ಮಗಳನ್ನೂ ವಿವರಿಸಿದರೆ ಮಕ್ಕಳು ದಾರಿ ತಪ್ಪುತ್ತಾರೆ. ಮೊದಲನೆಯದೊಂದೇ ಸಾಕು, ಏಕೆಂದರೆ ಆ ನಾಯಿಯೇ ಆ ನವಿಲನ್ನು ಕೊಲ್ಲುತ್ತದೆ. ಮಗನನ್ನು ಉಳಿಸಬೇಕೆಂದು ಬಲಿ ಕೊಡಿಸಿದ ತಾಯಿಯೇ ಮಗನನ್ನು ಕೊಂದಳೆಂಬುದನ್ನು ಹೇಳಿದ ಮೇಲೆ ಬೇರೆ ಉಪದೇಶ ಬೇಕಾಗದು. ಆದರೆ "ದೇವರು ಶಿಕ್ಷೆ ಕೊಟ್ಟನು" ಎಂಬ ಮಾತು ಮಾತ್ರ ಬಾಯಿಗೆ ಬರಬಾರದು. ಅದು ಅಭ್ಯಾಸಬಲದಿಂದ ಬರುತ್ತದೆ, ಮಕ್ಕಳು ಹೆದರುತ್ತಾರೆ, ಕಥೆಯೂ ಸುಲಭವಾಗುತ್ತದೆ. ಜಿನಮತದಲ್ಲಿ ಶಿಕ್ಷಿಸುವವನು ಯಾರೂ ಇಲ್ಲ. ಕಟ್ಟಿದ ಕರ್ಮ ಫಲಿಸುತ್ತದೆ, ಅಷ್ಟೆ. ಮರುಗಿದ ಮೇಲೂ ರಾಜನಿಗೇಕೆ ಕಷ್ಟವೆಂದು ಮಗು ಕೇಳಿದರೆ, ಅವಳಿ ಮಕ್ಕಳನ್ನು ತೋರಿಸಬೇಕು. ಮಾರಿದತ್ತ ರಾಜನು ಅವರನ್ನೇ ಚಂಡಮಾರಿಗೆ ಬಲಿ ಕೊಡಲು ತರಿಸಿದಾಗ ಅವರು ಹೆದರದೆ ತಮ್ಮ ಕಥೆಯನ್ನು ಹೇಳಿ ಅವನ ಮನಸ್ಸನ್ನೇ ತಿರುಗಿಸಿದರು. ಆ ಮರುಕವು ವ್ಯರ್ಥವಾಗಲಿಲ್ಲ.

ಕಥೆ ತಲುಪಿತೋ ಇಲ್ಲವೋ ಎಂಬುದನ್ನು ಒಂದು ಪ್ರಶ್ನೆಯಿಂದ ಅರಿಯಬಹುದು: "ಕೆಡುಕಾದುದು ಯಾರಿಗೆ?" ಮಗು "ಕೋಳಿಗೆ" ಎಂದರೆ ಬರಹವನ್ನು ತಿದ್ದಬೇಕು. "ರಾಜನಿಗೆ" ಎಂದರೆ ತಲುಪಿದೆ. ಮತ್ತೊಂದು ಅತಿಯೂ ಉಂಟು. ಕೈತಪ್ಪಿ ಮಣ್ಣಿನ ಆನೆಯನ್ನು ಒಡೆದ ಮಗು ಪಾಪವಾಯಿತೆಂದು ಅತ್ತರೆ, ಅಲ್ಲಿಯೂ ಕಥೆ ತಪ್ಪಾಗಿ ತಲುಪಿದೆ. ಕೊಲ್ಲುವ ಸಂಕಲ್ಪವಿಲ್ಲದೆ ಗೊಂಬೆ ಒಡೆದುದು ಹಿಂಸೆಯಲ್ಲವೆಂದು ಆ ಮಗುವಿಗೆ ಸಮಾಧಾನ ಹೇಳಬೇಕು.

ಹೀಗೆ ಕೇಳಿದ ಮಗುವು ತಾನಾಗಿಯೇ ಕೆಲವು ಪ್ರಶ್ನೆಗಳನ್ನು ತರುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಕ್ಕಿಯ ತಲೆಯನ್ನು "ಮೊದಲು ನಾನು ಕಡಿಯುತ್ತೇನೆ" ಎಂದು ನಗುತ್ತಾ ತಿನ್ನಬಹುದೇ? ಹುಟ್ಟುಹಬ್ಬದಂದು ಮೊಲದ ಆಕಾರದ ಕೇಕಿಗೆ ಚಾಕು ಹಾಕಬಹುದೇ? ಪ್ರಾಣಿಯ ಆಕಾರದ ತಿನಿಸನ್ನು ಮನೆಗೆ ತರದಿದ್ದ ಹಿರಿಯರ ನಿಯಮಕ್ಕೆ ಕಾರಣವೇನೆಂದು ಆ ಮಗುವಿಗೆ ಆಗ ಬೇರೆ ಹೇಳಬೇಕಾಗುವುದಿಲ್ಲ. ರಾಜನ ಕೈ ನಡುಗಿದುದು ಅದಕ್ಕೆ ನೆನಪಿರುತ್ತದೆ.